ಜೋಡಿ ಕಾರ್ಡಿನ ಎರಡನೆಯ ಅರ್ಧ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂಚೆ ಕಾರ್ಡುಗಳು ಎಪ್ಪತ್ತು ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ನನ್ನ ಹಳೆಯ ದಿನಚರಿಯಲ್ಲಿ ಅರವತ್ತೆರಡು ಎಂದಿದೆ. ಅವನ್ನು ಬರೆದು ಮುಗಿಸಿದ ಮಧ್ಯಾಹ್ನ ಮಳೆ ಬರುತ್ತಿತ್ತು ಎಂದು ಮನಸ್ಸು ಹೇಳುತ್ತದೆ. ಆದರೆ ಮಳೆ ಹಿಡಿಯುವ ಮೊದಲೇ ಕಾರ್ಡು ಹೋಗಬೇಕೆಂಬುದೇ ನಮ್ಮ ಅವಸರವಾಗಿತ್ತು, ಹಾಗಾಗಿ ಮಳೆ ಇದ್ದಿರಲಾರದು. ಹೀಗಿರುವಾಗ ನನ್ನ ನೆನಪನ್ನು ನಾನೇ ಸಾಕ್ಷಿ ಎಂದು ಕರೆಯಲು ಹಿಂಜರಿಯುತ್ತೇನೆ. ಆದರೂ ಬರೆಯದೆ ವಿಧಿಯಿಲ್ಲ, ಏಕೆಂದರೆ ಆ ಕಾರ್ಡುಗಳನ್ನು ಬರೆದ ಕೈ ನನ್ನದು.

ಮಲಯಾಳ ಸೀಮೆಯ ಬೆಟ್ಟಗಳ ನಡುವೆ, ಕಲ್ಲೂರಿನ ಹತ್ತಿರ, ಮೈಸೂರು ರಸ್ತೆಯ ಪಕ್ಕದಲ್ಲಿ ನಮ್ಮ ಅಂಗಡಿ ಇತ್ತು. ಗುಂಡ್ಲುಪೇಟೆಯ ಕಡೆಯಿಂದ ಬಂದವರು ನಾವು. ಅಪ್ಪ ಬಿದಿರು ಹೇರಿದ ಗಾಡಿಗಳ ಜೊತೆ ಹೋಗುತ್ತಿದ್ದರು, ವಾರಕ್ಕೊಮ್ಮೆ ಮನೆ ಕಾಣುತ್ತಿದ್ದರು. ಅಂಗಡಿ ಅವ್ವನದು. ಬೆಂಕಿಪೊಟ್ಟಣ, ಹೊಗೆಸೊಪ್ಪು, ಉಪ್ಪು, ಹಗ್ಗ, ಇವೆಲ್ಲ ಬೇರೆ ಅಂಗಡಿಗಳಲ್ಲೂ ಸಿಗುತ್ತಿದ್ದವು. ಅವ್ವನಲ್ಲಿ ಮಾತ್ರ ಸಿಗುತ್ತಿದ್ದದ್ದು ಉಪ್ಪಿನ ಗಂಟು.

ತೆಂಕಣದ ತಿರುವಿತಾಂಕೂರಿನಿಂದ ಜನ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದ ಕಾಲ ಅದು. ತಲೆಯ ಮೇಲೆ ಪಾತ್ರೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಮರಗೆಣಸಿನ ಕಡ್ಡಿಯ ಕಟ್ಟು. ಕಾಡು ಕಡಿದು ಗೆಣಸು, ಮಜ್ಜಿಗೆಹುಲ್ಲು, ಮೆಣಸು ಹಾಕಲು ಬಂದವರಿಗೆ ಮೊದಲ ಮಳೆಗೇ ಎದುರಾಗುತ್ತಿದ್ದದ್ದು ಹುಲಿಯಲ್ಲ, ಜಿಗಣೆ. ಹೆಂಗಸರು ಕಾಲಿನ ತುಂಬ ರಕ್ತ ಇಳಿಸಿಕೊಂಡು ಅಂಗಡಿಯ ಜಗಲಿಯಲ್ಲಿ ಕೂತು ಅಳುತ್ತಿದ್ದುದನ್ನು ನೋಡಿದ್ದೇನೆ. ಅವ್ವ ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿದಿರಿನ ಕೋಲಿನ ತುದಿಗೆ ಬಿಗಿದು ಕೊಡುತ್ತಿದ್ದಳು. ನೀರಲ್ಲಿ ಅದ್ದಿ ಕಾಲಿಗೆ ಒತ್ತಿದರೆ ಜಿಗಣೆ ಮುರುಟಿ ಬೀಳುತ್ತಿತ್ತು. ಬಂದವರ ಬಾಯಲ್ಲಿ ಅವ್ವನ ಹೆಸರೇ ಗಂಟಕ್ಕ ಎಂದಾಯಿತು.

ಇನ್ನೊಂದು ಕಾರಣಕ್ಕೂ ಅವರಿಗೆ ಅವಳು ಬೇಕಾಗಿದ್ದಳು. ಬೆಟ್ಟದ ಮೇಲೆ ಗುಡಿಸಲು ಹಾಕಿದವರಿಗೆ ವಿಳಾಸವೆಂಬುದೇ ಇರುತ್ತಿರಲಿಲ್ಲ. ಊರಿನಿಂದ ಕಾಗದ ನಮ್ಮ ಅಂಗಡಿಯ ಹೆಸರಿಗೆ ಬರುತ್ತಿತ್ತು. ಅವರು ಇನ್ನೂ ಒಳಗೆ ಹೋಗಿ ನೆಲೆಯಾದಾಗ, ಮುಂದೆ ಬರುವ ಕಾಗದ ಎಲ್ಲಿಗೆ ಕಳಿಸಬೇಕೆಂದು ಒಂದು ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಮಲಯಾಳದಲ್ಲಿ ಬರೆದು ಹೋಗುತ್ತಿದ್ದರು. ಅವ್ವನಿಗೆ ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದ್ದರಿಂದ ಪ್ರತಿ ವಿಳಾಸದ ಪಕ್ಕ ತನ್ನ ಕನ್ನಡದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು: 'ಕುಂಟು ನಾಯಿಯವರು.' 'ಅವಳಿಜವಳಿ ಹೆಣ್ಣು. ಎರಡು ಗಂಟು ಒಯ್ದರು.' 'ಬಾಯಿ ಜೋರು, ಮನಸು ಒಳ್ಳೇದು.' ಕಾಗದ ಬಂದರೆ ಅಕ್ಷರಗಳ ಆಕಾರವನ್ನು ಪುಸ್ತಕದೊಂದಿಗೆ ಹೊಂದಿಸಿ ನೋಡಿ ಯಾರದೆಂದು ಹೇಳುತ್ತಿದ್ದಳು. ತಪ್ಪಿದ್ದು ಕಡಿಮೆ. ಕಷ್ಟವಾದರೆ ನಾನು ಓದುತ್ತಿದ್ದೆ. ನನ್ನ ಶಾಲೆ ಮಲಯಾಳದ್ದು.

ಗಂಟಿನಲ್ಲಿ ಒಂದು ಕೊರತೆ ಇತ್ತು. ಹತ್ತಿದ ಜಿಗಣೆಯನ್ನು ಅದು ಉದುರಿಸುತ್ತಿತ್ತೇ ಹೊರತು ಹತ್ತದಂತೆ ತಡೆಯುತ್ತಿರಲಿಲ್ಲ. ಎರಡು ಮಳೆಗಾಲ ಅವ್ವ ಇದೇ ಯೋಚನೆಯಲ್ಲಿದ್ದಳು. ಬಂದವರು ಬೆಳೆದ ಹುಲ್ಲಿನಿಂದ ಇಳಿಸಿದ ಎಣ್ಣೆ, ಅವರ ಬಾಯಲ್ಲಿ ಪುಲ್‌ತೈಲ, ಅದನ್ನು ಬೇವಿನೆಣ್ಣೆಗೆ ಹಾಕಿದಳು. ಹೊಗೆಸೊಪ್ಪು ಕುದಿಸಿ ಬೆರೆಸಿದಳು. ಜಿಗಣೆ ದೂರ ಹೋಗುತ್ತಿತ್ತು, ಆದರೆ ನೀರು ಹರಿಯುವ ಒಂದು ತೋಡು ದಾಟಿದರೆ ಎಣ್ಣೆಯೂ ತೊಳೆದು ಹೋಗುತ್ತಿತ್ತು. ಆಗ ಜೇನು ತರುತ್ತಿದ್ದ ಕಾಡಿನ ಹೆಂಗಸಿನಿಂದ ಮೇಣ ಕೊಂಡು ಕರಗಿಸಿ ಹಾಕಿದಳು. ಅದು ಗಟ್ಟಿಯಾಗಿ, ಹಳದಿಯಾಗಿ, ಚರ್ಮಕ್ಕೆ ಅಂಟಿಕೊಂಡಿತು. ಪ್ರತಿ ಪಾಕವನ್ನೂ ತನ್ನ ಒಂದು ಕಾಲಿಗೆ ಹಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು, ತೋಡಿನ ಹಸಿರಿನಲ್ಲಿ ನಿಲ್ಲುತ್ತಿದ್ದಳು.

ಜೇನಿನ ಹೆಂಗಸು ನೋಡಿ ನಗುತ್ತಿದ್ದಳು. "ಅಕ್ಕಾ, ಜಿಗಣೆಗೆ ಊಟಕ್ಕೆ ನಿನ್ನ ಕಾಲೇ ಆಗ್ಬೇಕಾ? ಮನೇಲಿ ಗಂಡನ ಕಾಲಿಲ್ವಾ?"

"ಅವ್ನ ಕಾಲು ಮನೇಲಿ ನಿಂತ್ರಲ್ವಾ ತಾಯಿ, ಜಿಗಣೆ ಹತ್ತಕ್ಕೆ!" ಎಂದಳು ಅವ್ವ.

ಕೊನೆಯ ಪಾಕ ಹಚ್ಚಿಕೊಂಡು ಮೂರು ತೋಡು ದಾಟಿ ಬಂದ ದಿನ ಆ ಕಾಲನ್ನು ನನಗೆ ತೋರಿಸಿದ್ದು ನೆನಪಿದೆ. ಒಂದು ಕಲೆಯೂ ಇರಲಿಲ್ಲ. ಇನ್ನೊಂದು ಕಾಲಿನಲ್ಲಿ ಏಳು ಕಡೆ ರಕ್ತ. "ನೋಡು ಮಗಾ, ಇದು ಸುಳ್ಳಲ್ಲ," ಎಂದಳು. ನನಗಲ್ಲ, ತನಗೇ ಹೇಳಿಕೊಂಡಂತೆ.

ನಲವತ್ತು ಶೀಶೆ ತುಂಬಿಸಿ ಹೊಟ್ಟಿನಲ್ಲಿ ಹೂತಿಟ್ಟಳು. ಅಗಲ ಬಾಯಿಯ ಸಣ್ಣ ಶೀಶೆಗಳು. ಬಿರಡೆಯ ಮೇಲೆ ಎಲೆ ಮುಚ್ಚಿ ಬಾಳೆನಾರಿನಿಂದ ಎರಡು ಸುತ್ತು ಸುತ್ತಿ ಪಕ್ಕಕ್ಕೆ ಗಂಟು. ಆದರೆ ಗಂಟು ಕೊಂಡವರೆಲ್ಲ ಆಗಲೇ ದೂರ ಹೋಗಿ ನೆಲೆಸಿದ್ದರು. ಹೊಸ ಎಣ್ಣೆ ಬಂದಿದೆ ಎಂದು ಅವರಿಗೆ ತಿಳಿಸುವುದು ಹೇಗೆ?

ದಾರಿ ಹೇಳಿದವರು ಮಾವ. ಅವ್ವನ ತಮ್ಮ, ಪನಮರಂನಲ್ಲಿ ಭತ್ತದ ವ್ಯಾಪಾರ. ನನಗೆ ಅವರೆಂದರೆ ಬಲು ಇಷ್ಟ. ಬಂದಾಗಲೆಲ್ಲ ಓದಿಗೆ ಸಂಬಂಧಿಸಿದ್ದನ್ನೇ ಏನಾದರೂ ತರುತ್ತಿದ್ದರು, ಮಿಠಾಯಿ ತರುತ್ತಿರಲಿಲ್ಲ. ನನ್ನನ್ನು ದೊಡ್ಡವಳೆಂದು ಎಣಿಸಿದ ಮೊದಲ ಮನುಷ್ಯ ಅವರು.

"ಜೋಡಿ ಕಾರ್ಡು ಹಾಕಕ್ಕ," ಎಂದರು. "ಎರಡು ಕಾರ್ಡು ಅಂಟಿಕೊಂಡಿರ್ತದೆ. ಒಂದ್ರಲ್ಲಿ ನಿನ್ನ ಸುದ್ದಿ. ಇನ್ನೊಂದ್ರಲ್ಲಿ ನಮ್ಮ ವಿಳಾಸ ನಾವೇ ಬರೆದು ಕಳಿಸೋದು. ಅವ್ರು ಹರ್ದು ಪೆಟ್ಟಿಗೆಗೆ ಹಾಕಿದ್ರೆ ಆಯ್ತು, ಅಂಚೆಬಿಲ್ಲೆ ಅಂಟಿಸ್ಬೇಕಿಲ್ಲ. ಕಾಸು ಮೊದ್ಲೇ ಕಟ್ಟಿರ್ತದೆ."

"ಬರೆಯೋರ್ಯಾರ್ಲಾ?"

"ನಮ್ಮ ಪಂಡಿತೆ ಇದಾಳಲ್ಲ!" ಎಂದು ನನ್ನ ಜಡೆ ಎಳೆದರು.

ಕಾರ್ಡುಗಳನ್ನು ಅವರೇ ತಂದರು. ಅವ್ವ ಹೇಳಿದ್ದನ್ನು ನಾನು ಮಲಯಾಳಕ್ಕೆ ಮಾಡಿದೆ. ಮೂರು ಸಲ ಒಡೆದು ಕಟ್ಟಿದ ಒಕ್ಕಣೆ ಅದು. ಮೊದಲ ಸಲ ಅವ್ವ ಜಿಗಣೆಯ ಮೇಲೆ ಸಿಟ್ಟಾಗಿ ಅರ್ಧ ಪುಟ ಬೈದಿದ್ದಳು, ಅದು ಕಾರ್ಡಿನಲ್ಲಿ ಹಿಡಿಸಲಿಲ್ಲ. ಕೊನೆಗೆ ನಿಂತದ್ದು ಕನ್ನಡದಲ್ಲಿ ಹೀಗೆ:

'ಕಲ್ಲೂರು ರಸ್ತೆಯಂಗಡಿಯ ಗಂಟಕ್ಕ ಬರೆಯುವುದು. ನೀವು ನನ್ನಲ್ಲಿ ಉಪ್ಪಿನ ಗಂಟು ಒಯ್ದಿದ್ದೀರಿ. ಈಗ ಜಿಗಣೆ ಎಣ್ಣೆ ಮಾಡಿದ್ದೇನೆ. ಬೆಳಗ್ಗೆ ಪಾದದಿಂದ ಮೊಣಕಾಲಿನವರೆಗೆ ಒಮ್ಮೆ ಹಚ್ಚಿದರೆ ಮಧ್ಯಾಹ್ನದವರೆಗೆ ಜಿಗಣೆ ಹತ್ತುವುದಿಲ್ಲ. ಮೂರು ತೋಡು ದಾಟಿದರೂ ಹೋಗುವುದಿಲ್ಲ, ನನ್ನ ಕಾಲಿಗೇ ಹಚ್ಚಿ ನೋಡಿದ್ದೇನೆ. ಗಾಯದ ಮೇಲೆ ಹಚ್ಚಬೇಡಿ. ಶೀಶೆಗೆ ಹತ್ತಾಣೆ. ಖಾಲಿ ಶೀಶೆ ಕೊಟ್ಟರೆ ಮುಂದಿನದಕ್ಕೆ ಎಂಟಾಣೆ. ಬೇಕಾದವರು ಈ ಕಾರ್ಡಿನ ಉತ್ತರದ ಅರ್ಧ ಹರಿದು, ನಿಮ್ಮ ಹೆಸರು, ಎಷ್ಟು ಶೀಶೆ, ನಿಮ್ಮ ಬಸ್ಸು ನಿಲ್ಲುವ ಜಾಗ ಬರೆದು ಅಂಚೆಗೆ ಹಾಕಿ. ಮುಂದಿನ ಸಂತೆಯ ದಿನ ಬಸ್ಸಿನಲ್ಲಿ ಬರುತ್ತದೆ. ಶೀಶೆ ಕೈಗೆ ಬಂದ ಮೇಲೆ ಕಂಡಕ್ಟರ್ ಕೈಯಲ್ಲಿ ಹಣ ಕೊಡಿ.'

'ನನ್ನ ಕಾಲಿಗೇ ಹಚ್ಚಿ ನೋಡಿದ್ದೇನೆ' ಎಂಬ ಮಾತು ಬೇಡವೆಂದರು ಮಾವ. ಹೆಂಗಸರು ಕಾಲಿನ ಮಾತು ಬರೆಯುವುದೇ ಎಂದು. ಅವ್ವ ಬಿಡಲಿಲ್ಲ. "ಅದೊಂದು ಮಾತಿಗೇ ಅವ್ರು ನಂಬೋದು. ಮಿಕ್ಕಿದ್ದೆಲ್ಲ ಯಾವ ಅಂಗಡಿಯೋನೂ ಬರೀತಾನೆ."

ಉತ್ತರದ ಅರ್ಧಕ್ಕೆ ವಿಳಾಸ ಬರೆಯುವಾಗ ಅವ್ವ ಅಲ್ಲಿರಲಿಲ್ಲ. ಇದು ಖಚಿತ. ಅಂಗಡಿಗೆ ಗಾಡಿಯವರು ಬಂದಿದ್ದರು. ಮಾವ ಹೇಳಿದರು, ನಾನು ಬರೆದೆ. ಅದು ಕಲ್ಲೂರಿನ ವಿಳಾಸವಲ್ಲ. ಪನಮರಂನ ಮಾವನ ಭತ್ತದ ಅಂಗಡಿಯದು.

ಏಕೆಂದು ನಾನು ಕೇಳಿದೆನೆಂದು ನೆನಪು. ಪನಮರಂನಲ್ಲಾದರೆ ದಿನಾ ಅಂಚೆ, ಬಸ್ಸಿಗೂ ಅಲ್ಲೇ ಹತ್ತಿಸಬಹುದು ಎಂದರೆಂದೂ ನೆನಪು. ಮಾತು ಸರಿಯಾಗಿಯೇ ಇತ್ತು. ಇಂದಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಸಂಜೆ ಅವ್ವ ಕಾಲು ಚಾಚಿ ಕೂತು, "ಓದು, ಒಂದ್ಸಲ ಎಲ್ಲ ಕೇಳ್ತೀನಿ," ಎಂದಳು. ನಾನು ಮೊದಲ ಅರ್ಧ ಓದಿದೆ. ಅವಳು ತಲೆದೂಗಿದಳು. ಎರಡನೆಯ ಅರ್ಧ ತಿರುಗಿಸಿದಾಗ, "ಇದು?" ಎಂದಳು. ನಾನು, "ವಿಳಾಸ," ಎಂದೆ. ಅಷ್ಟೇ. ಯಾರ ವಿಳಾಸ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅಷ್ಟು ವರ್ಷ ಅಕ್ಷರದ ಆಕಾರ ನೋಡಿ ಪರರ ಕಾಗದ ವಿಂಗಡಿಸಿದವಳು, ತನ್ನದೇ ಕಾರ್ಡಿನ ವಿಳಾಸವನ್ನು ಹೊಂದಿಸಿ ನೋಡಲಿಲ್ಲ. ಬರೆದವಳು ಮಗಳು, ಹೇಳಿದವನು ತಮ್ಮ. ಹೊಂದಿಸಿ ನೋಡುವುದೇನು?

ಒಂದು ಕಾರ್ಡು ಮಿಕ್ಕಿತು. ಕುಂಟು ನಾಯಿಯವರು ಜ್ವರಕ್ಕೆ ಹೆದರಿ ಊರಿಗೆ ತಿರುಗಿ ಹೋಗಿದ್ದಾರೆಂದು ಅವ್ವನಿಗೆ ಆಮೇಲೆ ನೆನಪಾಯಿತು. ಅದನ್ನು ಪುಸ್ತಕದೊಳಗಿಟ್ಟಳು. ಉಳಿದವನ್ನು ಮಾವ ಕಟ್ಟು ಕಟ್ಟಿ ಒಯ್ದರು.

ಅಂಚೆ ಬರುವ ದಿನ ಅವ್ವ ತಲೆ ಬಾಚಿಕೊಂಡು ಕೂರುತ್ತಿದ್ದಳು. ಬೇರೆಯವರ ಕಾಗದಗಳು ಬರುತ್ತಿದ್ದವು. ನಮ್ಮ ಉತ್ತರದ ಕಾರ್ಡು ಒಂದೂ ಬರಲಿಲ್ಲ. ಒಂದು ವಾರ, ಎರಡು ವಾರ. ಮಳೆ ಹಿಡಿಯಿತು. ಉತ್ತರ ಪನಮರಂಗೆ ಹೋಗುತ್ತದೆ ಎಂದು ನಾನು ಆಗಲಾದರೂ ಹೇಳಬಹುದಿತ್ತು. ಹೇಳಿದೆನೋ ಇಲ್ಲವೋ ಎಂದು ಹಿಂದೆ ಅನುಮಾನವಿತ್ತು. ಈಗ ಇಲ್ಲ. ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಬಂದಿದ್ದರೆ ಮಾವ ತಂದುಕೊಡುತ್ತಿದ್ದರಲ್ಲ ಎಂದು ನಾನು ಅಂದುಕೊಂಡಿದ್ದಿರಬೇಕು.

ಮಾವ ಬಂದಾಗ ಅವ್ವ ಕೇಳಿದಳು. "ಒಬ್ರೂ ಬರೀಲಿಲ್ವಲ್ಲೋ."

"ತೆಂಕಣದ ಜನ ಕನಕ್ಕ, ಹತ್ತಾಣೆ ಬಿಚ್ಚಲ್ಲ. ಜಿಗಣೆಗೆ ರಕ್ತ ಕೊಟ್ಟಾರು, ನಿಂಗೆ ಕಾಸು ಕೊಡಾಕಿಲ್ಲ," ಎಂದು ನಕ್ಕರು. ಅವ್ವನೂ ನಕ್ಕಳು. ನಾನು ಮಾವನ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಆ ಕ್ಷಣ ನನಗೆ ಏನೋ ತಿಳಿಯಿತೆಂದು ಬರೆಯಬೇಕೆನಿಸುತ್ತದೆ. ಆದರೆ ಹದಿಮೂರರ ಹುಡುಗಿಯ ತಲೆಯೊಳಗೆ ಇಂದಿನ ನನ್ನ ಬುದ್ಧಿಯನ್ನು ತುರುಕುತ್ತಿದ್ದೇನೆ ಎಂಬ ಭಯವೂ ಇದೆ.

ಅದಾಗಿ ಕೆಲವು ದಿನಕ್ಕೆ 'ಬಾಯಿ ಜೋರು, ಮನಸು ಒಳ್ಳೇದು' ಎಂದು ಪುಸ್ತಕದಲ್ಲಿದ್ದ ಮುದುಕಿ ಬಂದರು. ಎಲ್ಲರೂ ಚೇಡತ್ತಿ, ಅಂದರೆ ಅಕ್ಕ, ಎನ್ನುತ್ತಿದ್ದ ಆ ಹೆಂಗಸು ಕೊಡೆ ಮಡಚದೆ ಒಳಗೇ ನುಗ್ಗಿದರು. ಅವರು ಅವ್ವನೊಡನೆ ಆಡುತ್ತಿದ್ದದ್ದು ಅರ್ಧ ಮಲಯಾಳ, ಅರ್ಧ ನಮ್ಮ ಮಾತು.

"ನಿನ್ನ ಗಂಟು ಒಯ್ದು ಮೂರು ಮಳೆ ಕಳೆದೆ ಮೋಳೇ. ನಿನ್ನ ಮಾತು ನಂಬಿ ಮೂರು ಕುಪ್ಪಿ ತರಿಸಿದೆ. ನೋಡು ಇದನ್ನ!" ಉಟ್ಟ ಪಂಚೆಯ ಅಂಚು ಎತ್ತಿದರು. ಮೊಣಕಾಲಿನ ಕೆಳಗೆ ಚರ್ಮ ಕೆಂಪಾಗಿ ಸುಲಿದಿತ್ತು. ಅದರ ನಡುವೆಯೇ ಜಿಗಣೆ ಕಚ್ಚಿದ ಕಪ್ಪು ಬೊಟ್ಟುಗಳು. "ಒಂದು ತೋಡಿಗೆ ಹೋಯ್ತು ನಿನ್ನ ಎಣ್ಣೆ. ಉರಿ ಮಾತ್ರ ಹೋಗಲಿಲ್ಲ."

ಅವ್ವನಿಗೆ ಅರ್ಥವಾಗಲಿಲ್ಲ. "ನಾನು ಯಾರಿಗೂ ಕಳಿಸೇ ಇಲ್ಲ ಚೇಡತ್ತಿ."

"ಕಳಿಸಿಲ್ವಾ? ಮತ್ತೆ ಇದೇನು, ನಿನ್ನ ಅಪ್ಪನ ಕುಪ್ಪಿಯಾ?" ಮಡಿಲಿಂದ ಶೀಶೆ ತೆಗೆದು ಹಲಗೆಯ ಮೇಲೆ ಕುಕ್ಕಿದರು. ಮೇಲೆ ಗಂಟಕ್ಕನ ಜಿಗಣೆ ಎಣ್ಣೆ ಎಂದು ಮಲಯಾಳದಲ್ಲಿ ಚೀಟಿ.

ಅವ್ವ ಚೀಟಿ ನೋಡಲಿಲ್ಲ. ಶೀಶೆಯ ಬಾಯಿ ನೋಡಿದಳು. ಬಾಳೆನಾರಿಲ್ಲ, ಬರಿಯ ಬಿರಡೆ. ತೆಗೆದು ಮೂಸಿದಳು. ಬೆರಳಿಗೆ ಹಚ್ಚಿ ಉಜ್ಜಿದಳು. ನೀರಿನಂತೆ ಹರಿಯಿತು. "ಮೇಣ ಇಲ್ಲ," ಎಂದಳು. ಇನ್ನೊಮ್ಮೆ ಮೂಸಿ, "ಸೀಮೆಎಣ್ಣೆ," ಎಂದಳು. ಆಮೇಲೆ ಬಹಳ ನಿಧಾನವಾಗಿ, "ನೀವು ಕಾರ್ಡು ಎಲ್ಲಿಗೆ ಹಾಕಿದ್ರಿ?"

"ಅದರ ಮೇಲೆ ಇದ್ದ ಕಡೆಗೆ. ಪನಮರತ್ತೇಕ್ಕ್."

ಅವ್ವ ಒಳಗೆ ಹೋಗಿ ಪುಸ್ತಕ ತಂದಳು. ಮಿಕ್ಕಿದ್ದ ಕಾರ್ಡನ್ನು ನನ್ನ ಕೈಗೆ ಕೊಟ್ಟಳು. ಎರಡನೆಯ ಅರ್ಧವನ್ನು ತಾನೇ ತಿರುಗಿಸಿ ಕೊಟ್ಟಳು.

"ಈಗ ಪೂರ್ತಿ ಓದು."

ಓದಿದೆ. ಮಾವನ ಹೆಸರು, ಭತ್ತದ ಅಂಗಡಿ, ಪನಮರಂ. ನಾಲ್ಕು ಸಾಲು. ಚೇಡತ್ತಿ ಕೊಡೆ ಮಡಚಿದರು. ಅವ್ವ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಟ್ಟಿನಿಂದ ಮೂರು ಶೀಶೆ ತೆಗೆದು ಚೇಡತ್ತಿಯ ಕೈಗಿಟ್ಟಳು. ಚರ್ಮ ವಾಸಿಯಾಗುವವರೆಗೆ ಹಚ್ಚಬೇಡಿ ಎಂದಳು. ಚೇಡತ್ತಿ ಹಣ ತೆಗೆಯಹೋದರೆ ಕೈ ಹಿಡಿದಳು.

ಮುಂದಿನ ಭೇಟಿಯಲ್ಲಿ ಮಾವ ಜಗಲಿ ಹತ್ತುವ ಮೊದಲೇ ಆ ಶೀಶೆ ಅಲ್ಲಿತ್ತು. ನೋಡಿದರು. ಕೂತರು.

"ಏನಕ್ಕ, ನಾನೇನು ಕದ್ದೆ ಅಂತೀಯಾ? ಕಾರ್ಡು ತಂದೋನು ನಾನು. ಬಸ್ಸಿಗೆ ಹತ್ತಿಸಿದೋನು ನಾನು. ನಿನ್ನ ಮೇಣ ಕರಗಿಸ್ಕೊಂಡು ಕೂತಿದ್ರೆ ಅಷ್ಟು ಜನಕ್ಕೆ ಮಳೆ ಮುಗಿದ್ರೂ ಎಣ್ಣೆ ಸಿಕ್ತಿರಲಿಲ್ಲ. ಹೆಸರು ನಿಂದೇ ತಾನೇ ಹಾಕಿದ್ದು?"

"ಹೆಸರು ನಂದು ಹಾಕಿದ್ದಕ್ಕೇ ಕನ್ಲಾ ಹೊಟ್ಟೆ ಉರಿಯೋದು. ನಿನ್ನ ಹೆಸರು ಹಾಕ್ಕೊಂಡು ಸೀಮೆಎಣ್ಣೆ ಮಾರಿದ್ರೆ ನಂಗೇನು?" ಎಂದಳು ಅವ್ವ. "ಬಂದ ಕಾರ್ಡೆಲ್ಲ ಕೊಡು. ಯಾರ್ಯಾರು ತರಿಸಿದ್ರು ನಂಗೆ ತಿಳೀಬೇಕು."

"ಒಲೆಗೆ ಹಾಕ್ದೆ."

"ಒಂದೂ ಇಲ್ವಾ?"

"ಇಲ್ಲ ಬುಡಕ್ಕ. ಅಷ್ಟಕ್ಕೂ ನಾ ಮುಚ್ಚಿಟ್ಟು ಮಾಡಿದ್ದೇನಿದೆ? ವಿಳಾಸ ಬರೆದೋಳು ನಿನ್ನ ಮಗಳು. ಅವಳ್ನೇ ಕೇಳು."

ಅವರು ನನ್ನತ್ತ ಕೈ ತೋರಿಸಿದರು. ಈ ಬೆರಳನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ. ನನ್ನ ಜಡೆ ಎಳೆದು ಪಂಡಿತೆ ಎಂದ ಅದೇ ಕೈ. ಅವ್ವ ನನ್ನ ಕಡೆ ತಿರುಗಲಿಲ್ಲ, ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಯಾರು ತರಿಸಿದ್ದರು, ಯಾರು ಇಲ್ಲ ಎಂದು ತಿಳಿಯದ ಕಾರಣ ಅವ್ವ ಪುಸ್ತಕ ಹಿಡಿದುಕೊಂಡು ಹೊರಟಳು. ಮಳೆ ಬಿಟ್ಟ ದಿನಗಳಲ್ಲಿ ಮೀನಂಗಡಿ ಎಂಬ ಊರಿನವರೆಗೂ, ಅಲ್ಲಿಂದ ಒಳಗೆ ಬೆಟ್ಟಗಳಿಗೂ ನಡೆದು ಹೋಗುತ್ತಿದ್ದಳು. ಕೆಟ್ಟ ಎಣ್ಣೆ ತೆಗೆದುಕೊಂಡವರಿಗೆ ಒಳ್ಳೆಯ ಶೀಶೆ ಕೊಟ್ಟು, ಹಳೆಯದನ್ನು ಅವರ ಎದುರಿಗೇ ನೆಲಕ್ಕೆ ಸುರಿದಳಂತೆ. ಕೆಲವರು ಕೂರಿಸಿ ಕಪ್ಪು ಕಾಪಿ ಕೊಟ್ಟರು. ಕೆಲವರು ಬಾಗಿಲಲ್ಲೇ, "ನಿನ್ನ ಕಾಲಿಗೇ ಹಚ್ಚಿ ನೋಡಿದ್ದೆಯಲ್ಲ, ಎಲ್ಲಿ ತೋರಿಸು," ಎಂದರಂತೆ. ಅವಳು ಇದನ್ನು ನನಗೆ ಹೇಳಲಿಲ್ಲ. ಜೇನಿನ ಹೆಂಗಸಿಗೆ ಹೇಳುತ್ತಿದ್ದಾಗ ಕೇಳಿಸಿಕೊಂಡೆ.

ನಲವತ್ತು ಶೀಶೆ ಹಾಗೆ ಮುಗಿದವು. ಮತ್ತೆ ಅವಳು ಜಿಗಣೆ ಎಣ್ಣೆ ಮಾಡಲಿಲ್ಲ. ಉಪ್ಪಿನ ಗಂಟು ಮಾತ್ರ ಮಾರಿದಳು, ಅದೂ ಎದುರಿಗೆ ನಿಂತು ಕೇಳಿದವರಿಗೆ.

ನನ್ನ ಶಿಕ್ಷೆ ಬೇರೆ ಇತ್ತು. ಅಂದಿನಿಂದ ಅಂಗಡಿಗೆ ಬರುತ್ತಿದ್ದ ಕಾಗದಗಳಲ್ಲಿ ಗುರುತು ಸಿಗದ್ದನ್ನು ಅವ್ವ ನನ್ನ ಕೈಯಲ್ಲಿ ಓದಿಸಲಿಲ್ಲ. ಬಸ್ಸು ಬರುವವರೆಗೆ ಕಾದು ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಒಮ್ಮೆ ಆತ, "ಮಗಳು ಇಲ್ಲೇ ಇದಾಳಲ್ಲ, ದೊಡ್ಡ ಶಾಲೆಯೋಳು," ಎಂದ. ಅವ್ವ, "ಅವಳಿಗೆ ಓದೋದು ಬೇಕಾದಷ್ಟಿದೆ," ಎಂದಳು. ಮೃದುವಾಗಿಯೇ ಹೇಳಿದಳು. ಮುಂದೆ ನಾನು ಮೈಸೂರಿನಲ್ಲಿ ಎಂ.ಎ. ಓದುವಾಗಲೂ ನನ್ನ ಕಾಗದಗಳು ಕನ್ನಡದಲ್ಲಿದ್ದುದರಿಂದ ಅವಳೇ ಓದಿಕೊಳ್ಳುತ್ತಿದ್ದಳು. ಅದೊಂದು ಸಮಾಧಾನ. ಅವಳು ಹೋಗುವವರೆಗೂ ಆ ವಿಷಯ ನಾವಿಬ್ಬರೂ ಎತ್ತಲಿಲ್ಲ.

ಈಗ ಪೆನ್ನಿನ ವಿಷಯಕ್ಕೆ ಬರಬೇಕು. ಮಾವ ನನಗೊಂದು ಶಾಯಿ ಪೆನ್ನು ಕೊಟ್ಟಿದ್ದರು, ಹಸಿರು ಬಣ್ಣದ್ದು. ಕಾರ್ಡು ಬರೆದದ್ದಕ್ಕೆ ಮೆಚ್ಚಿ ಆಮೇಲೆ ಕೊಟ್ಟದ್ದೆಂದು ಇಷ್ಟು ವರ್ಷ ನಂಬಿದ್ದೆ. ಹೋದ ವರ್ಷ ಆ ಕಾಲದ ದಿನಚರಿ ತೆಗೆದು ನೋಡಿದೆ. ಮೊದಲ ಪುಟಗಳೆಲ್ಲ ಪೆನ್ಸಿಲು. ಶಾಯಿ ಶುರುವಾಗುವುದು ಹೀಗೆ: 'ಮಾವ ಪೆನ್ನು ಕೊಟ್ಟರು. ಗುಟ್ಟು.' ಅದರ ಮರುದಿನದ ಪುಟದಲ್ಲಿ: 'ಅರವತ್ತೆರಡು ಕಾರ್ಡು ಬರೆದು ಮುಗಿಯಿತು. ಕೈ ನೋವು.'

ಗುಟ್ಟು ಯಾವುದು? ಪೆನ್ನೇ ಗುಟ್ಟೇ? ಇರಲಾರದು, ಅದನ್ನು ನಾನು ಅವ್ವನ ಎದುರಿಗೇ ಬಳಸುತ್ತಿದ್ದೆ. ಆ ಒಂದು ಪದದ ಮುಂದೆ ಎಷ್ಟೋ ದಿನ ಕೂತಿದ್ದೇನೆ. ಮಾವ ನನ್ನನ್ನು ಮೋಸಗೊಳಿಸಿದರು ಎಂಬುದರ ಮೇಲೆ ನನ್ನ ಅರ್ಧ ಜೀವನ ನಿಂತಿದೆ. ಅವರೊಡನೆ ಮಾತು ಬಿಟ್ಟದ್ದು, ಅವರ ಮಗಳ ಮದುವೆಗೆ ಹೋಗದೇ ಇದ್ದದ್ದು, ಎಲ್ಲ. ಅವ್ವನ ಮನಸ್ಸಿನಲ್ಲಿ ಮೋಸ ಮಾಡಿದವರು ಇಬ್ಬರಿದ್ದರೆ?

ಮಾವ ಈಗಲೂ ಪನಮರಂನಲ್ಲಿದ್ದಾರೆ. ಕಣ್ಣು ಚೆನ್ನಾಗಿದೆ, ಪತ್ರಿಕೆ ಓದುತ್ತಾರೆಂದು ಕೇಳಿದೆ. ಅಂಚೆ ಕಚೇರಿಗೆ ಹೋಗಿ ಜೋಡಿ ಕಾರ್ಡು ಕೇಳಿದೆ. ಈಗ ಯಾರು ಕೇಳುತ್ತಾರೆ ಎಂದು ಗುಮಾಸ್ತರು ಕಪಾಟು ಹುಡುಕಿ ಒಂದು ಕೊಟ್ಟರು. ಉತ್ತರದ ಅರ್ಧದಲ್ಲಿ ನನ್ನ ವಿಳಾಸ ನಾನೇ ಬರೆದೆ, ಎರಡು ಸಲ ಓದಿ ನೋಡಿದೆ. ಅವರು ಹರಿದು ಪೆಟ್ಟಿಗೆಗೆ ಹಾಕಿದರೆ ಸಾಕು, ಕಾಸು ಮೊದಲೇ ಕಟ್ಟಿದೆ. ಒಂದು ಮಳೆಗಾಲ ಕಳೆಯಿತು, ಅದು ಬಂದಿಲ್ಲ. ಮೊದಲ ಅರ್ಧದಲ್ಲಿ ಕ್ಷೇಮಸಮಾಚಾರ ಏನೂ ಬರೆಯಲಿಲ್ಲ, ಇಷ್ಟೇ ಬರೆದಿದ್ದೆ:

'ಮಾವ, ವಿಳಾಸ ಅವ್ವನಿಗೆ ಓದಿ ಹೇಳಬೇಡ ಅಂತ ನೀವು ನನಗೆ ಹೇಳಿದ್ರಾ, ಇಲ್ಲಾ ನಾನೇ ಬಿಟ್ಟೆನಾ?'